ಜ್ವರ ತಿಂದ ಐದು ಅಂಕ ಎಲ್ಲಿಗೆ ಸೇರಬೇಕು?

ಡಿಗ್ರಿ ಓದುವ ಹುಡುಗಿಯೊಬ್ಬಳು ಡೆಂಗಿ ಜ್ವರದಿಂದ ಎರಡು ವಾರ ಮಲಗಿದ್ದು, ಮೆಡಿಕಲ್ ಸರ್ಟಿಫಿಕೇಟ್ ಹಿಡಿದು ಕಾಲೇಜಿಗೆ ಬರುತ್ತಾಳೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ನಾಲ್ಕನೇ ಅಸೈನ್‌ಮೆಂಟಿನ ಗಡುವು ಮುಗಿದಿದೆ, ಉತ್ತರಗಳನ್ನು ತರಗತಿಯಲ್ಲಿ ಚರ್ಚಿಸಿಯೂ ಆಗಿದೆ. ಈಗ ಅದನ್ನೇ ಬರೆಸಿದರೆ ಅರ್ಥವಿಲ್ಲ. “ಪರವಾಗಿಲ್ಲಮ್ಮ, ಅದೊಂದು ಬಿಟ್ಟುಬಿಡು” ಎನ್ನುತ್ತಾರೆ ಮೇಡಂ. ಹುಡುಗಿ ನಿರಾಳವಾಗಿ ಮನೆಗೆ ಹೋಗುತ್ತಾಳೆ. ಲೆಕ್ಕದ ಕೆಲಸ ಮಾತ್ರ ಆಗ ಶುರುವಾಗುತ್ತದೆ. ಆ ಅಸೈನ್‌ಮೆಂಟಿಗೆ 100ರಲ್ಲಿ 5ರ ವೇಟೇಜ್ ಇತ್ತು. ಅದನ್ನು ತೆಗೆದರೆ ಉಳಿಯುವುದು 95. ಆ ಐದನ್ನು ಯಾವುದಕ್ಕೆ ಸೇರಿಸಬೇಕು?

ಈ ಕೋರ್ಸಿನ ಲೆಕ್ಕ ಹೀಗಿದೆ: ನಾಲ್ಕು ಅಸೈನ್‌ಮೆಂಟುಗಳಿಗೆ ತಲಾ 5ರಂತೆ 20, ಮಧ್ಯಾವಧಿ ಪರೀಕ್ಷೆಗೆ 30, ಅಂತಿಮ ಪರೀಕ್ಷೆಗೆ 50. ನಮ್ಮ ಹುಡುಗಿಗೆ ಮೊದಲ ಮೂರು ಅಸೈನ್‌ಮೆಂಟುಗಳಲ್ಲಿ ಶೇಕಡಾ 90, 88, 92 ಬಂದಿವೆ. ಮಧ್ಯಾವಧಿಯಲ್ಲಿ 60, ಅಂತಿಮ ಪರೀಕ್ಷೆಯಲ್ಲಿ 64. ವೇಟೇಜಿಗೆ ಇಳಿಸಿದರೆ ಅಸೈನ್‌ಮೆಂಟುಗಳಿಂದ 13.5, ಮಧ್ಯಾವಧಿಯಿಂದ 18, ಅಂತಿಮದಿಂದ 32, ಒಟ್ಟು 63.5. ಏನೂ ಮಾಡದೆ ಹಾಗೇ ಬಿಟ್ಟರೆ ಅವಳಿಗೆ ಸಿಗುವುದು ಇಷ್ಟೇ. ಬಾಯಲ್ಲಿ ವಿನಾಯಿತಿ ಕೊಟ್ಟು ಪಟ್ಟಿಯಲ್ಲಿ ಸೊನ್ನೆ ಹಾಕಿದಂತಾಯಿತು.

ಹೆಚ್ಚಿನ ಅಧ್ಯಾಪಕರು ಮಾಡುವುದು 63.5ನ್ನು 95ರಿಂದ ಭಾಗಿಸಿ ನೂರಕ್ಕೆ ಏರಿಸುವ ಕೆಲಸ. ಉತ್ತರ 66.84. ಬಿಟ್ಟುಹೋದ ಐದು ಉಳಿದೆಲ್ಲ ಭಾಗಗಳಿಗೂ ಅವುಗಳ ತೂಕಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಇನ್ನು ಕೆಲವರು ಐದನ್ನೂ ಅಂತಿಮ ಪರೀಕ್ಷೆಗೆ ಸೇರಿಸಿ ಅದನ್ನು 55 ಮಾಡುತ್ತಾರೆ. ಆಗ 66.7. ಮೂರನೆಯ ದಾರಿಯಲ್ಲಿ ಅಸೈನ್‌ಮೆಂಟುಗಳ 20 ಅಸೈನ್‌ಮೆಂಟುಗಳಿಗೇ ಉಳಿಯುತ್ತದೆ, ಬರೆದ ಮೂರರ ಸರಾಸರಿ 90ನ್ನು ಆ ಇಪ್ಪತ್ತಕ್ಕೆ ಹಚ್ಚುತ್ತಾರೆ. ಅಸೈನ್‌ಮೆಂಟುಗಳಿಂದ 18 ಬಂದು ಒಟ್ಟು 68 ಆಗುತ್ತದೆ.

ಹುಡುಗಿ ಒಬ್ಬಳೇ, ಅವಳು ಬರೆದ ಉತ್ತರಗಳೂ ಅವೇ. ಆದರೂ ಮೂರು ದಾರಿಗೆ ಮೂರು ಉತ್ತರ. ಇದು ಯಾಕೆ ಎಂದು ತಿಳಿಯಬೇಕಾದರೆ ಒಂದು ಸಂಗತಿಯನ್ನು ಗಮನಿಸಬೇಕು. ವೇಟೇಜನ್ನು ಬೇರೆಡೆಗೆ ಸರಿಸುವುದು ಎಂದರೆ, ಬರೆಯದ ಆ ಅಸೈನ್‌ಮೆಂಟಿಗೆ ನಾವೇ ಒಂದು ಅಂಕ ಊಹಿಸಿ ಹಾಕಿದಂತೆ. 95ರಿಂದ ಭಾಗಿಸಿದವರು ಅವಳಿಗೆ ಅದರಲ್ಲಿ 66.84 ಬರುತ್ತಿತ್ತು ಎಂದು ಊಹಿಸಿದ್ದಾರೆ. ಅಂತಿಮ ಪರೀಕ್ಷೆಗೆ ಸೇರಿಸಿದವರ ಊಹೆ 64. ಮೂರನೆಯವರ ಊಹೆ 90. ಯಾರೂ ಹಾಗೆಂದು ಬರೆದಿಡುವುದಿಲ್ಲ, ಆದರೆ ಲೆಕ್ಕದ ಒಳಗೆ ಇರುವುದು ಅದೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಹುಡುಗಿ ಜ್ವರವಿಲ್ಲದೆ ಆ ಅಸೈನ್‌ಮೆಂಟ್ ಬರೆದಿದ್ದರೆ ಎಷ್ಟು ಬರುತ್ತಿತ್ತು?

ಮನೆಯಲ್ಲಿ ಕೂತು, ಪುಸ್ತಕ ನೋಡಿ, ಗೆಳತಿಯರೊಡನೆ ಚರ್ಚಿಸಿ ಬರೆಯುವ ಅಸೈನ್‌ಮೆಂಟಿನಲ್ಲಿ ಅಂಕ ಸಾಮಾನ್ಯವಾಗಿ ಮೇಲಿರುತ್ತದೆ. ಗಡಿಯಾರ ನೋಡುತ್ತಾ ಬರೆಯುವ ಪರೀಕ್ಷೆಯಲ್ಲಿ ಕೆಳಗಿರುತ್ತದೆ. ಇಂಥವಳು ಅಸೈನ್‌ಮೆಂಟಿನಲ್ಲಿ 64 ತೆಗೆಯುತ್ತಿದ್ದಳು ಎಂದುಕೊಳ್ಳಲು ಆಧಾರವೇ ಇಲ್ಲ. ಪಕ್ಕದ ಬೆಂಚಿನಲ್ಲಿ ಇವಳಷ್ಟೇ ಅಂಕ ಪಡೆಯುತ್ತಾ ಬಂದ ಗೆಳತಿ ನಾಲ್ಕನೆಯದನ್ನೂ ಬರೆದು 90 ಪಡೆದಿದ್ದರೆ ಅವಳ ಒಟ್ಟು 68. ಮೂರನೆಯ ದಾರಿ ಇಬ್ಬರನ್ನೂ ಸಮ ಮಾಡುತ್ತದೆ. ಉಳಿದೆರಡು ದಾರಿಗಳಲ್ಲಿ ಜ್ವರ ಬಂದವಳಿಗೆ ಒಂದು ಅಂಕಕ್ಕಿಂತ ಹೆಚ್ಚು ಖೋತಾ. ಆದ್ದರಿಂದ ವೇಟೇಜು ಮೊದಲು ತನ್ನ ಗುಂಪಿನೊಳಗೇ ಹಂಚಿಕೆಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೂ ಒಂದು ಮಿತಿಯಿದೆ. ತಪ್ಪಿಹೋದದ್ದೇ ಎಲ್ಲಕ್ಕಿಂತ ಕಷ್ಟದ ಅಸೈನ್‌ಮೆಂಟಾಗಿದ್ದರೆ? ಮೊದಲ ಮೂರರಲ್ಲಿ ತರಗತಿಯ ಸರಾಸರಿ 82 ಇದ್ದು, ನಾಲ್ಕನೆಯದರಲ್ಲಿ ಅದು 58ಕ್ಕೆ ಕುಸಿದಿದೆ ಎನ್ನೋಣ. ಆಗ ಇವಳಿಗೆ 90 ಎಂದು ಊಹಿಸುವುದು ಬರೆದವರಿಗೆ ಅನ್ಯಾಯ. ಇವಳು ಮೊದಲ ಮೂರರಲ್ಲಿ ಸರಾಸರಿಗಿಂತ 8 ಮೇಲಿದ್ದಳು, ಇಲ್ಲಿಯೂ 8 ಮೇಲೆ ಇರುತ್ತಿದ್ದಳು ಎಂದುಕೊಂಡರೆ 66 ಆಗುತ್ತದೆ. ಐದಕ್ಕೆ ಇಳಿಸಿದರೆ 3.3, ಒಟ್ಟು 66.8. ಸರಾಸರಿಗಳ ನಡುವೆ ಇಷ್ಟು ದೊಡ್ಡ ಅಂತರವಿದ್ದಾಗ ಮಾತ್ರ ಈ ತಿದ್ದುಪಡಿ ಬೇಕು. ಎರಡು ಮೂರು ಅಂಕದ ಏರುಪೇರಿಗೆ ಇದನ್ನು ಹಚ್ಚುತ್ತಾ ಕೂತರೆ ಲೆಕ್ಕ ಜಟಿಲವಾಗುತ್ತದೆಯೇ ಹೊರತು ನ್ಯಾಯ ಹೆಚ್ಚುವುದಿಲ್ಲ.

ತಪ್ಪು ಹೆಚ್ಚಾಗಿ ನುಸುಳುವುದು ಎಕ್ಸೆಲ್ ಹಾಳೆಯಲ್ಲಿ. ನಾಲ್ಕು ಅಸೈನ್‌ಮೆಂಟುಗಳು B ಇಂದ E ವರೆಗಿನ ಕಾಲಂಗಳಲ್ಲಿ, ಮಧ್ಯಾವಧಿ F ನಲ್ಲಿ, ಅಂತಿಮ G ನಲ್ಲಿ ಇವೆ ಎನ್ನಿ. ಅಸೈನ್‌ಮೆಂಟುಗಳನ್ನು ಕೂಡಿ 0.05ರಿಂದ ಗುಣಿಸುವ ಸೂತ್ರ ಬರೆದಿದ್ದರೆ ಖಾಲಿ ಬಿಟ್ಟ ಮನೆ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಸರಾಸರಿ ತೆಗೆಯುವ ಸೂತ್ರ ಹಾಗಲ್ಲ, ಅದು ಅಂಕಿಯಿಲ್ಲದ ಮನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ:

```
=0.20*AVERAGE(B5:E5)+0.30*F5+0.50*G5
```

ಆದರೆ ಈ ಸೂತ್ರದಲ್ಲಿ ಉಲ್ಟಾ ಅಪಾಯವಿದೆ. ಜ್ವರವಿಲ್ಲದೆ ಸುಮ್ಮನೆ ಬರೆಯದೇ ಬಿಟ್ಟವನ ಮನೆಯೂ ಖಾಲಿ ಇದ್ದರೆ ಅವನಿಗೂ ವಿನಾಯಿತಿ ಸಿಕ್ಕಿಬಿಡುತ್ತದೆ. ಅದಕ್ಕೇ ವಿನಾಯಿತಿ ಪಡೆದವರ ಮನೆಯಲ್ಲಿ EX ಎಂದು, ಬರೆಯದವರ ಮನೆಯಲ್ಲಿ 0 ಎಂದು ಟೈಪ್ ಮಾಡಬೇಕು. ಯಾವ ಮನೆಯನ್ನೂ ಖಾಲಿ ಬಿಡಬಾರದು. ಲೆಕ್ಕ ಸರಿಯಾಯಿತೇ ಎಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ: ಆ ವಿದ್ಯಾರ್ಥಿನಿಯ ಉಳಿದೆಲ್ಲ ಮನೆಗಳಲ್ಲಿ ತಾತ್ಕಾಲಿಕವಾಗಿ 100 ಹಾಕಿ. ಒಟ್ಟು 100 ಬಂದರೆ ಸರಿ. 95 ಬಂದರೆ ಬಿಟ್ಟ ಅಸೈನ್‌ಮೆಂಟಿನ ವೇಟೇಜು ಎಲ್ಲಿಗೂ ಸೇರದೆ ಕಳೆದುಹೋಗಿದೆ.

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಬಳಸುವ ಕ್ಯಾನ್ವಾಸ್ ಎಂಬ ತಂತ್ರಾಂಶದಲ್ಲೂ ಅಂಕದ ಜಾಗದಲ್ಲಿ EX ಎಂದೇ ಹಾಕುತ್ತಾರೆ. ಗುಂಪುಗಳಿಗೆ ವೇಟೇಜ್ ಕೊಟ್ಟಿದ್ದರೆ ಅದು ಗುಂಪಿನೊಳಗೇ ಹಂಚುತ್ತದೆ. ಗುಂಪಿನಲ್ಲಿ ಇದ್ದದ್ದೇ ಒಂದು ಕೆಲಸವಾಗಿದ್ದರೆ ಆ ಗುಂಪೇ ಲೆಕ್ಕದಿಂದ ಹೊರಬಿದ್ದು, ಅದರ ತೂಕ ಉಳಿದ ಗುಂಪುಗಳ ಮೇಲೆ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಮಧ್ಯಾವಧಿ ಪರೀಕ್ಷೆಯನ್ನೇ ಹೀಗೆ ಬಿಟ್ಟರೆ 50 ಇದ್ದ ಅಂತಿಮ ಪರೀಕ್ಷೆಯ ತೂಕ 71 ದಾಟುತ್ತದೆ. ಇಡೀ ಸೆಮಿಸ್ಟರ್ ಒಂದೇ ದಿನದ ಮೂರು ತಾಸಿನ ಮೇಲೆ ನಿಂತಂತೆ. ಇಷ್ಟು ದೊಡ್ಡ ಭಾಗ ತಪ್ಪಿದಾಗ ವೇಟೇಜ್ ಸರಿಸುವುದು ಉಪಕಾರವಲ್ಲ, ಇನ್ನೊಂದು ದಿನ ಪರೀಕ್ಷೆ ಕೊಡುವುದೇ ಸರಿ.

ಪಬ್ಲಿಕ್ ಪರೀಕ್ಷೆಗೆ ಸೇರುವ ಆಂತರಿಕ ಅಂಕಗಳಲ್ಲಿ, ವಿಶ್ವವಿದ್ಯಾಲಯವೇ ಪ್ರತಿ ಭಾಗಕ್ಕೂ ಅಂಕ ಗೊತ್ತುಮಾಡಿರುವ ಕಡೆಗಳಲ್ಲಿ ಅಧ್ಯಾಪಕರು ತಮ್ಮಷ್ಟಕ್ಕೆ ಇದನ್ನು ಮಾಡುವಂತಿಲ್ಲ. ಅಲ್ಲಿ ನಿಯಮಾವಳಿಯೇ ದಾರಿ. ತಮ್ಮ ಕೋರ್ಸಿನ ಲೆಕ್ಕ ತಮ್ಮ ಕೈಯಲ್ಲೇ ಇರುವ ಅಧ್ಯಾಪಕರು ಮಾತ್ರ ಯಾವ ಭಾಗ ತಪ್ಪಿದರೆ ಅದರ ಅಂಕ ಎಲ್ಲಿಗೆ ಸೇರುತ್ತದೆ ಎಂಬ ಸಾಲನ್ನು ಸೆಮಿಸ್ಟರಿನ ಮೊದಲ ದಿನವೇ ಬರೆದು ಕೊಡಬೇಕು. ಅಂಕ ಬಂದ ಮೇಲೆ ದಾರಿ ಆರಿಸಿದರೆ ಅದು ಪಕ್ಷಪಾತದ ಅನುಮಾನಕ್ಕೆ ಎಡೆಮಾಡುತ್ತದೆ. ವಿದ್ಯಾರ್ಥಿಗಳೇ, “ಬಿಟ್ಟುಬಿಡು” ಎಂಬ ಮಾತು ಕೇಳಿದೊಡನೆ ಹೊರಟುಬಿಡಬೇಡಿ. “ಸರ್, ಆ ಅಂಕ ಯಾವುದಕ್ಕೆ ಸೇರುತ್ತೆ?” ಎಂದು ವಿನಯದಿಂದ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಿ.