ಉತ್ತರ ಸರಿ, ಆದರೆ ಲೆಕ್ಕ ಎಲ್ಲಿ?

ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ ಕಲಿಯುವ ಅನೇಕರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೋರ್ಸ್ ಸರಣಿ ಗೊತ್ತು. ಅದರಲ್ಲಿ ‘ರಿಪ್ರೊಡ್ಯೂಸಿಬಲ್ ರಿಸರ್ಚ್’ ಎಂಬ ಒಂದು ಕೋರ್ಸ್ ಇದೆ. ಒಬ್ಬರು ಮಾಡಿದ ವಿಶ್ಲೇಷಣೆಯನ್ನು ಮತ್ತೊಬ್ಬರು ಅದೇ ಡೇಟಾದಿಂದ ಮತ್ತೆ ಮಾಡಿ, ಅದೇ ಉತ್ತರ ಪಡೆಯುವಂತಿರಬೇಕು ಎನ್ನುವುದೇ ಅದರ ತಿರುಳು. ಇಲ್ಲಿ ವರದಿ ಬರೆದು ಸಲ್ಲಿಸಿದರೆ ಕೆಲಸ ಮುಗಿಯುವುದಿಲ್ಲ. ಸಹಪಾಠಿಗಳ ವರದಿಗಳನ್ನು ಓದಿ ನಾವೇ ಅಂಕ ಕೊಡಬೇಕು. ಹಾಗೆ ನನ್ನ ಪಾಲಿಗೆ ಬಂದ ಎರಡು ವರದಿಗಳ ಬಗ್ಗೆ ಹೇಳುತ್ತೇನೆ. ಒಂದರ ಉತ್ತರ ತಪ್ಪಿತ್ತು, ಇನ್ನೊಂದರದು ಸರಿ ಇತ್ತು. ಆದರೂ ಯಾವುದಕ್ಕೆ ಹೆಚ್ಚು ಅಂಕ ಕೊಡಬೇಕು ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ.

ಅಸೈನ್‌ಮೆಂಟ್‌ಗೆ ಕೊಟ್ಟಿದ್ದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ ಬಿರುಗಾಳಿ ದಾಖಲೆ. 1950ರಿಂದ 2011ರ ನವೆಂಬರ್‌ವರೆಗೆ ಆ ದೇಶದಲ್ಲಿ ಎಲ್ಲೆಲ್ಲಿ ಸುಂಟರಗಾಳಿ, ಪ್ರವಾಹ, ಆಲಿಕಲ್ಲು ಮಳೆ ಆದವು, ಎಷ್ಟು ಜನ ಸತ್ತರು, ಎಷ್ಟು ಆಸ್ತಿ ಹಾಳಾಯಿತು ಎಂಬ ವಿವರ ಅದರಲ್ಲಿದೆ. ಪ್ರಶ್ನೆಗಳು ಎರಡೇ. ಯಾವ ಬಗೆಯ ವಿಕೋಪ ಜನರ ಜೀವಕ್ಕೆ, ಆರೋಗ್ಯಕ್ಕೆ ಹೆಚ್ಚು ಹಾನಿ ಮಾಡಿದೆ? ಯಾವುದರಿಂದ ಹೆಚ್ಚು ಆರ್ಥಿಕ ನಷ್ಟವಾಗಿದೆ? ನಿಯಮಗಳೂ ಸ್ಪಷ್ಟ. ಲೆಕ್ಕ ಮೂಲ ಫೈಲ್‌ನಿಂದಲೇ ಶುರುವಾಗಬೇಕು, ಕೋಡ್ ಪೂರ್ತಿ ಕಾಣಬೇಕು, ಚಿತ್ರಗಳು ಮೂರಕ್ಕಿಂತ ಹೆಚ್ಚಿರಬಾರದು.

ವರದಿಯನ್ನು ಓದುವ ಮೊದಲು ಅದನ್ನು ಓಡಿಸಿ ನೋಡುವುದು ನನ್ನ ಕ್ರಮ. ಖಾಲಿ ಫೋಲ್ಡರ್‌ವೊಂದರಲ್ಲಿ ಮೂಲ ಫೈಲ್ ಮಾತ್ರ ಇಟ್ಟು, ಆರ್ ಭಾಷೆಯ ಹೊಸ ಸೆಷನ್ ತೆರೆದು, ವರದಿಯ ಕೋಡನ್ನು ಮೇಲಿನಿಂದ ಕೆಳಗೆ ಓಡಿಸುತ್ತೇನೆ. ಹೊಸ ಸೆಷನ್ ಬೇಕಾಗಲು ಕಾರಣವಿದೆ. ಹಳೆಯ ಸೆಷನ್‌ನಲ್ಲಿ ಹಿಂದೆ ಯಾವಾಗಲೋ ಮಾಡಿಟ್ಟ ಟೇಬಲ್‌ಗಳು ಮೆಮೊರಿಯಲ್ಲಿ ಉಳಿದಿರುತ್ತವೆ. ಕೋಡ್‌ನಲ್ಲಿ ಇಲ್ಲದ ಹೆಜ್ಜೆಯೂ ಇದ್ದಂತೆ ನಡೆದುಬಿಡುತ್ತದೆ. ಫೈಲ್ ಸರಿಯಾಗಿ ಓದಿದೆಯೇ ಎಂದು ತಿಳಿಯಲು ಎರಡು ಸಾಲು ಸಾಕು.

```r
storm <- read.csv("repdata_data_StormData.csv.bz2")
dim(storm)
```

ಉತ್ತರ `902297 37` ಎಂದು ಬರಬೇಕು. ಅಂದರೆ 9,02,297 ಸಾಲು, 37 ಕಾಲಂ.

ಮೊದಲ ವರದಿ ಆರಂಭದಲ್ಲೇ ನಿಂತಿತು. ಬರೆದವರು ತಮ್ಮ ಕಂಪ್ಯೂಟರ್‌ನ ಫೋಲ್ಡರ್ ದಾರಿಯನ್ನೇ ಕೋಡ್‌ನಲ್ಲಿ ಬರೆದಿದ್ದರು. ಅಂಥ ಫೋಲ್ಡರ್ ನನ್ನಲ್ಲಿ ಇಲ್ಲ. ಆ ಒಂದು ಸಾಲು ತೆಗೆದ ಮೇಲೆ ಉಳಿದದ್ದೆಲ್ಲ ತಡೆಯಿಲ್ಲದೆ ಓಡಿತು, ಅವರ ಟೇಬಲ್‌ನಲ್ಲಿದ್ದ ಅಂಕಿಗಳೇ ನನ್ನ ಪರದೆಯಲ್ಲೂ ಬಂದವು. ಆಸ್ತಿ ನಷ್ಟದಲ್ಲಿ ಪ್ರವಾಹ 144.66 ಬಿಲಿಯನ್ ಡಾಲರ್‌ನೊಂದಿಗೆ ಮೊದಲು, ಚಂಡಮಾರುತ 69.31 ಬಿಲಿಯನ್‌ನೊಂದಿಗೆ ಎರಡನೆಯದು. ಒಂದು ಬಿಲಿಯನ್ ಎಂದರೆ ನಮ್ಮ ನೂರು ಕೋಟಿ.

ಎರಡನೆಯ ವರದಿಯ ಚಿತ್ರಗಳು ಅಂದವಾಗಿದ್ದವು, ಬರವಣಿಗೆಯೂ ಚೆನ್ನಾಗಿತ್ತು. ಅದರ ಪ್ರಕಾರ ಆಸ್ತಿ ನಷ್ಟದಲ್ಲಿ ಚಂಡಮಾರುತವೇ ಮೊದಲು. ಪ್ರವಾಹ 29.77 ಬಿಲಿಯನ್‌ಗೆ ಇಳಿದು ನಾಲ್ಕನೆಯ ಸ್ಥಾನದಲ್ಲಿತ್ತು. ಆದರೆ ಕೋಡ್ ಶುರುವಾಗುತ್ತಿದ್ದುದೇ `storm_clean.csv` ಎಂಬ ಫೈಲ್‌ನಿಂದ. ‘ಡೇಟಾವನ್ನು ಎಕ್ಸೆಲ್‌ನಲ್ಲಿ ಸ್ವಚ್ಛಗೊಳಿಸಲಾಗಿದೆ’ ಎಂಬ ಒಂದು ವಾಕ್ಯ ಬಿಟ್ಟರೆ, ಆ ಫೈಲ್ ಹೇಗೆ ಬಂತು ಎನ್ನುವ ವಿವರ ಎಲ್ಲೂ ಇರಲಿಲ್ಲ. ಅದೇ ಕೋಡನ್ನು ಮೂಲ ಫೈಲ್ ಮೇಲೆ ಓಡಿಸಿದರೆ ಪ್ರವಾಹಕ್ಕೆ ಮತ್ತೆ 144.66 ಬಿಲಿಯನ್ನೇ ಬಂತು.

ಒಂದೇ ಡೇಟಾದಿಂದ ಬಂದ ಎರಡು ಉತ್ತರಗಳ ನಡುವೆ 115 ಬಿಲಿಯನ್ ಡಾಲರ್ ವ್ಯತ್ಯಾಸ. ಇದು ಎಲ್ಲಿಂದ ಬಂತು ಎಂದು ತಿಳಿಯಲು ನಷ್ಟದ ಮೊತ್ತವನ್ನು ಈ ಫೈಲ್‌ನಲ್ಲಿ ಹೇಗೆ ಬರೆದಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಮೊತ್ತ ಎರಡು ಕಾಲಂಗಳಲ್ಲಿ ಹಂಚಿಹೋಗಿದೆ. `PROPDMG` ಕಾಲಂನಲ್ಲಿ ಬರೀ ಸಂಖ್ಯೆ, `PROPDMGEXP` ಕಾಲಂನಲ್ಲಿ ಒಂದು ಅಕ್ಷರ. K ಎಂದರೆ ಸಾವಿರ, M ಎಂದರೆ ಹತ್ತು ಲಕ್ಷ, B ಎಂದರೆ ನೂರು ಕೋಟಿ. ಸಂಖ್ಯೆ ಎಷ್ಟೇ ಸರಿಯಿದ್ದರೂ ಅಕ್ಷರ ತಪ್ಪಿದರೆ ಮೊತ್ತ ಸಾವಿರ ಪಟ್ಟು ಏರುತ್ತದೆ ಇಲ್ಲವೇ ಇಳಿಯುತ್ತದೆ. ಹಾಗಾಗಿ ದೊಡ್ಡ ಮೊತ್ತದ ಸಾಲುಗಳನ್ನು ಹುಡುಕಿದೆ.

```r
subset(storm, PROPDMGEXP == "B" & PROPDMG > 10,
       c(BGN_DATE, COUNTYNAME, EVTYPE, PROPDMG))
```

ಅದರಲ್ಲಿ ಒಂದು ಸಾಲು ಎದ್ದು ಕಂಡಿತು. 2006ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ನಾಪಾ ಪ್ರದೇಶದಲ್ಲಿ ಪ್ರವಾಹ, ಆಸ್ತಿ ನಷ್ಟ 115 B. ಇದನ್ನು ಅಳೆಯಲು ಅದೇ ಫೈಲ್‌ನಲ್ಲಿ ಇನ್ನೊಂದು ಸಾಲಿದೆ. 2005ರಲ್ಲಿ ಕತ್ರೀನಾ ಚಂಡಮಾರುತ ಸಮುದ್ರದ ನೀರನ್ನು ಊರುಗಳಿಗೆ ನುಗ್ಗಿಸಿದಾಗಿನ ನಷ್ಟ 31.3 B ಎಂದು ದಾಖಲಾಗಿದೆ. ನಾಪಾದ ನದಿ ಉಕ್ಕಿ ಆದ ಹಾನಿ ಅದರ ಮೂರೂವರೆ ಪಟ್ಟಿಗಿಂತ ಹೆಚ್ಚು ಎಂದರೆ ನಂಬುವುದು ಕಷ್ಟ. ಇಲ್ಲಿಯೂ ಇದು ನನ್ನ ಅನುಮಾನ ಮಾತ್ರ. ಪುರಾವೆ ಅದೇ ಸಾಲಿನ `REMARKS` ಕಾಲಂನಲ್ಲಿತ್ತು. ನಾಪಾ ನಗರದಲ್ಲಿ 600 ಮನೆಗಳಿಗೆ ಮಧ್ಯಮ ಪ್ರಮಾಣದ ಹಾನಿ, 150 ಅಂಗಡಿ ಮುಂಗಟ್ಟುಗಳಿಗೆ ಹಾನಿ, ನಷ್ಟ ಕನಿಷ್ಠ 70 ಮಿಲಿಯನ್ ಡಾಲರ್ ಎಂಬ ವಿವರ ಅಲ್ಲಿದೆ. 115 ಮಿಲಿಯನ್ ಆಗಿದ್ದರೆ ಈ ವಿವರಕ್ಕೆ ಹೊಂದುತ್ತದೆ, 115 ಬಿಲಿಯನ್ ಹೊಂದುವುದಿಲ್ಲ. M ಇರಬೇಕಾದ ಕಡೆ B ಬಿದ್ದಿದೆ ಎನ್ನಲು ಇಷ್ಟು ಆಧಾರ ಸಾಕು.

ಎರಡನೆಯ ವರದಿಯವರು ಎಕ್ಸೆಲ್‌ನಲ್ಲಿ ಏನು ಮಾಡಿರಬಹುದು ಎಂಬುದನ್ನೂ ಅಂಕಿಯಿಂದಲೇ ಊಹಿಸಬಹುದಿತ್ತು. ಆ ಸಾಲನ್ನೇ ಅಳಿಸಿದ್ದರೆ ಪ್ರವಾಹದ ನಷ್ಟ 29.66 ಬಿಲಿಯನ್ ಆಗುತ್ತಿತ್ತು. ಅಕ್ಷರವನ್ನು M ಮಾಡಿದರೆ 29.77. ಅವರ ಟೇಬಲ್‌ನಲ್ಲಿ ಇದ್ದದ್ದು 29.77. ಅಂದರೆ ಅವರು ತಪ್ಪನ್ನು ಹಿಡಿದಿದ್ದರು, ಸರಿಯಾಗಿಯೇ ತಿದ್ದಿದ್ದರು. ಇಡೀ ಅಸೈನ್‌ಮೆಂಟ್‌ನಲ್ಲೇ ಕಷ್ಟದ ಕೆಲಸ ಅದು. ಆದರೆ ಅದನ್ನು ಎಲ್ಲಿಯೂ ಬರೆದಿರಲಿಲ್ಲ. ವರದಿ ಮಾತ್ರ ಓದಿದವರಿಗೆ ಇದು ತಿದ್ದುಪಡಿಯೋ, ಬೇಕಾದ ಉತ್ತರ ಬರಲೆಂದು ಮಾಡಿದ ಬದಲಾವಣೆಯೋ ತಿಳಿಯುವ ದಾರಿಯೇ ಇಲ್ಲ. ನಾನು ಊಹಿಸಬಲ್ಲೆನಾದದ್ದು ಇನ್ನೊಬ್ಬರ ವರದಿ ಜೊತೆಗಿದ್ದುದರಿಂದ. ಅವರು ಬೇರೆ ಯಾವ ಸಾಲುಗಳನ್ನು ಮುಟ್ಟಿದ್ದಾರೆ ಎಂಬುದು ನನಗೆ ಈಗಲೂ ಗೊತ್ತಿಲ್ಲ. ಈ ಒಂದು ಸಾಲು ಕೋಡ್‌ನಲ್ಲಿದ್ದು, ಅದರ ಪಕ್ಕದಲ್ಲಿ ಕಾರಣ ಇದ್ದಿದ್ದರೆ ಸಾಕಿತ್ತು.

```r
# REMARKS ಪ್ರಕಾರ ನಷ್ಟ ಮಿಲಿಯನ್ ಮಟ್ಟದ್ದು
storm$PROPDMGEXP[storm$REFNUM == 605943] <- "M"
```

ಈ ತಿದ್ದುಪಡಿ ಒಪ್ಪದವರು ಆ ಸಾಲನ್ನು ತೆಗೆದು ಮತ್ತೆ ಓಡಿಸಬಹುದು. ಎಕ್ಸೆಲ್‌ನಲ್ಲಿ ಮಾಡಿ ಉಳಿಸಿದ ಬದಲಾವಣೆಗೆ ಆ ಸೌಲಭ್ಯವಿಲ್ಲ.

ಇಲ್ಲಿವರೆಗಿನದು ಹೆಜ್ಜೆಗಳ ಪರೀಕ್ಷೆ. ತೀರ್ಮಾನಗಳದು ಬೇರೆ. ಜೀವಹಾನಿಯ ಪ್ರಶ್ನೆಗೆ ಎರಡೂ ವರದಿಗಳು ಒಂದೇ ಉತ್ತರ ಕೊಟ್ಟಿದ್ದವು. ಸುಂಟರಗಾಳಿಯಿಂದ 5,633 ಸಾವು, ನಂತರ ಅತಿಯಾದ ಬಿಸಿಲಿನಿಂದ 1,903. ಆದ್ದರಿಂದ ಸುಂಟರಗಾಳಿಯೇ ಅತಿ ಅಪಾಯಕಾರಿ ಎಂದು ಇಬ್ಬರೂ ಬರೆದಿದ್ದರು. ಕೂಡಿಸಿದ ಲೆಕ್ಕದಲ್ಲಿ ತಪ್ಪಿಲ್ಲ, ನಾನು ಓಡಿಸಿದಾಗಲೂ ಅದೇ ಬಂತು. ಆದರೆ ಡೇಟಾ ಸಂಗ್ರಹಿಸಿದ ರೀತಿಯೇ ಈ ತೀರ್ಮಾನಕ್ಕೆ ಅಡ್ಡ ಬರುತ್ತದೆ. ನೋವಾ ಹೇಳುವಂತೆ 1950ರಿಂದ 1954ರವರೆಗೆ ದಾಖಲಾದದ್ದು ಸುಂಟರಗಾಳಿ ಮಾತ್ರ. ಆಮೇಲೆ ಗುಡುಗು ಮಳೆಯ ಗಾಳಿ ಮತ್ತು ಆಲಿಕಲ್ಲು ಸೇರಿದವು. 48 ಬಗೆಯ ವಿಕೋಪಗಳನ್ನು ದಾಖಲಿಸುವ ಪದ್ಧತಿ ಬಂದದ್ದು 1996ರಿಂದ. 1960ರಲ್ಲಿ ಬಿಸಿಲಿಗೆ ಸತ್ತವರು ಈ ಫೈಲ್‌ನಲ್ಲಿ ಇಲ್ಲವೇ ಇಲ್ಲ. ಅರವತ್ತು ವರ್ಷ ಅಂಕ ಕೂಡಿಸಿಕೊಂಡವನನ್ನೂ ಹದಿನಾರು ವರ್ಷ ಕೂಡಿಸಿಕೊಂಡವನನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿದ ಹಾಗಾಯಿತು. ಎಲ್ಲ ಬಗೆಗಳೂ ದಾಖಲಾದ ಅವಧಿಯನ್ನಷ್ಟೇ ತೆಗೆದುಕೊಂಡರೆ ಏನಾಗುತ್ತದೆ ಎಂದು ನೋಡಿದೆ.

```r
d <- as.Date(storm$BGN_DATE, "%m/%d/%Y")
s <- storm[d >= as.Date("1996-01-01"), ]
t <- aggregate(FATALITIES ~ EVTYPE, s, sum)
head(t[order(-t$FATALITIES), ])
```

ಅತಿಯಾದ ಬಿಸಿಲು 1,797 ಸಾವುಗಳೊಂದಿಗೆ ಮೊದಲಾಯಿತು. ಸುಂಟರಗಾಳಿ 1,511ರೊಂದಿಗೆ ಎರಡನೆಯದಾಯಿತು. ಹಾಗಾದರೆ ‘ಈ ಫೈಲ್‌ನಲ್ಲಿ ಅತಿ ಹೆಚ್ಚು ಸಾವು ದಾಖಲಾಗಿರುವುದು ಸುಂಟರಗಾಳಿಯಿಂದ’ ಎಂಬ ವಾಕ್ಯಕ್ಕೆ ಆಧಾರವಿದೆ. ‘ಸುಂಟರಗಾಳಿಯೇ ಅತಿ ಅಪಾಯಕಾರಿ’ ಎಂಬುದಕ್ಕೆ ಇಲ್ಲ. ಎರಡು ವಾಕ್ಯಗಳ ನಡುವೆ ಕೆಲವೇ ಪದಗಳ ವ್ಯತ್ಯಾಸ. ತೀರ್ಮಾನ ಸಮರ್ಥನೀಯವೇ ಎಂದು ಅಳೆಯುವವರು ಹುಡುಕಬೇಕಾದದ್ದು ಆ ವ್ಯತ್ಯಾಸವನ್ನೇ. ಮೊದಲ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರ ಪ್ರವಾಹ ತಡೆಗೆ ಹೆಚ್ಚು ಹಣ ಇಡಬೇಕು ಎಂದಿತ್ತು. ಶಿಫಾರಸು ಬೇಕಿಲ್ಲ ಎಂದು ಅಸೈನ್‌ಮೆಂಟ್‌ನಲ್ಲೇ ಹೇಳಿತ್ತು. ಆ ಸಲಹೆಯ ಹೆಚ್ಚಿನ ಭಾರವನ್ನು ಹೊತ್ತಿದ್ದು ನಾಪಾದ ಒಂದು ಅಕ್ಷರ.

ಅಂಕ ಕೊಡುವಾಗ ಹೆಜ್ಜೆಗಳ ವಿಭಾಗದಲ್ಲಿ ಮೊದಲ ವರದಿಗೆ ಹೆಚ್ಚು ಕೊಟ್ಟೆ, ಫೋಲ್ಡರ್ ದಾರಿಗಾಗಿ ಸ್ವಲ್ಪ ಕಡಿತ ಮಾಡಿದೆ. ಅದರ ಉತ್ತರ ತಪ್ಪು. ಆದರೆ ಎಲ್ಲಿ ತಪ್ಪಿದೆ ಎಂದು ಕೆಲವು ಸಾಲುಗಳಲ್ಲಿ ತೋರಿಸಲು ಸಾಧ್ಯವಾದದ್ದು ಅವರು ಲೆಕ್ಕವನ್ನು ಪೂರ್ತಿ ತೆರೆದಿಟ್ಟಿದ್ದರಿಂದ. ತೀರ್ಮಾನದ ವಿಭಾಗದಲ್ಲಿ ಅವರಿಗೆ ಅಂಕ ಕಡಿಮೆಯಾಯಿತು. ಎರಡನೆಯ ವರದಿಗೆ ಹೆಜ್ಜೆಗಳ ವಿಭಾಗದಲ್ಲಿ ಬಹುತೇಕ ಏನೂ ಸಿಗಲಿಲ್ಲ. ಉತ್ತರ ಸರಿ ಇದೆ ಎಂದು ನನಗೆ ಗೊತ್ತಿದ್ದರೂ ಅದನ್ನು ಸಾಬೀತು ಮಾಡಿದ್ದು ಆ ವರದಿಯಲ್ಲ. ಮೊದಲನೆಯವರಿಗೆ ನಾಪಾದ ಸಾಲು ನೋಡಿ ಎಂದು ಬರೆದೆ. ಎರಡನೆಯವರಿಗೆ, ‘ನೀವು ಮಾಡಿದ ಒಳ್ಳೆಯ ಕೆಲಸ ಎಕ್ಸೆಲ್‌ನೊಳಗೆ ಉಳಿದಿದೆ. ಅದನ್ನು ಕೋಡ್‌ಗೆ ತಂದು ಮತ್ತೆ ಸಲ್ಲಿಸಿ’ ಎಂದು ಬರೆದೆ.