ಒಂದು ವೃತ್ತ, ಮೂರು ಅಳತೆ

ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಓದಿದವರಿಗೆ ಆ ಕೋಷ್ಟಕ ನೆನಪಿರುತ್ತದೆ. ಮೇಲಿನ ಸಾಲಿನಲ್ಲಿ 0°, 30°, 45°, 60°, 90°. ಎಡಗಡೆ ಸೈನ್, ಕಾಸ್, ಟ್ಯಾನ್. ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಪಿಯುಸಿಗೆ ಬಂದ ಮೇಲೆ 150°, 210°, 300° ಎಂಬ ಕೋನಗಳು ಎದುರಾಗುತ್ತವೆ. ಲಂಬಕೋನ ತ್ರಿಭುಜದೊಳಗೆ 150°ಯ ಕೋನ ಹಿಡಿಸುವುದೇ ಇಲ್ಲ. ಹೀಗಾಗಿ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸುವ ಹಳೆಯ ಸೂತ್ರ ಅಲ್ಲಿ ನಡೆಯುವುದಿಲ್ಲ. ಅಲ್ಲಿಂದ ಮುಂದೆ ಬೇಕಾಗುವುದು ಏಕಮಾನ ವೃತ್ತ, ಅಂದರೆ ತ್ರಿಜ್ಯ 1 ಇರುವ ವೃತ್ತ. ಅದನ್ನು ಪುಸ್ತಕದಲ್ಲಿ ನೋಡುವುದಕ್ಕಿಂತ ಒಂದು ಸಲ ಕೈಯಾರೆ ಬರೆದು ಅಳೆಯುವುದೇ ಒಳ್ಳೆಯದು.

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. 10 ಸೆಂಟಿಮೀಟರನ್ನು 1 ಎಂದು ಇಟ್ಟುಕೊಳ್ಳೋಣ. ಪೂರ್ತಿ ವೃತ್ತ ಹಾಳೆಯಲ್ಲಿ ಹಿಡಿಸದು, ಮೊದಲಿಗೆ ಕಾಲು ವೃತ್ತ ಸಾಕು. ಕೆಳಗಿನ ಎಡ ಮೂಲೆಯನ್ನು ಮೂಲಬಿಂದುವಾಗಿ ಮಾಡಿ, ಅಲ್ಲಿ ಕೈವಾರದ ಮೊನೆಯಿಟ್ಟು 10 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ. ಕೋನವನ್ನು ಯಾವಾಗಲೂ ಬಲಗಡೆಯ ಅಡ್ಡ ಅಕ್ಷದಿಂದ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಎಣಿಸಬೇಕು. ಕೋನಮಾಪಕ ಇಟ್ಟು 30°ಗೆ ಒಂದು ಗೆರೆ ಎಳೆದರೆ ಅದು ಕಂಸವನ್ನು ಒಂದು ಬಿಂದುವಿನಲ್ಲಿ ಸೇರುತ್ತದೆ. ಆ ಬಿಂದು ಅಡ್ಡ ಅಕ್ಷದಿಂದ ಎಷ್ಟು ಎತ್ತರದಲ್ಲಿದೆಯೋ ಅದು ಸೈನ್. ಮೂಲದಿಂದ ಎಷ್ಟು ಬಲಕ್ಕಿದೆಯೋ ಅದು ಕಾಸ್.

ಇದು ಹೊಸ ನಿಯಮವೇನಲ್ಲ. ಬಿಂದುವಿನಿಂದ ಕೆಳಕ್ಕೊಂದು ಲಂಬ ಇಳಿಸಿದರೆ ಹಳೆಯ ಲಂಬಕೋನ ತ್ರಿಭುಜವೇ ಕಾಣುತ್ತದೆ. ಅದರ ವಿಕರ್ಣ ವೃತ್ತದ ತ್ರಿಜ್ಯ, ಅಂದರೆ 1. ಒಂದರಿಂದ ಭಾಗಿಸಿದರೆ ಬೆಲೆ ಬದಲಾಗದು. ಹಾಗಾಗಿ ಭಾಗಾಕಾರದ ಗೊಡವೆಯೇ ಇಲ್ಲದೆ ಬಾಹುವಿನ ಉದ್ದವೇ ಉತ್ತರವಾಗುತ್ತದೆ.

ಈಗ ಗ್ರಾಫಿನ ಚೌಕಗಳನ್ನು ಎಣಿಸಿ. 30°ಯ ಬಿಂದು ಸರಿಯಾಗಿ 5 ಸೆಂ.ಮೀ. ಎತ್ತರದಲ್ಲಿರುತ್ತದೆ, ಅಂದರೆ sin 30° = 0.5. ಇದು ಕರಾರುವಾಕ್ಕಾಗಿ ಅರ್ಧವೇ ಆಗಲು ಕಾರಣವಿದೆ. ಅಡ್ಡ ಅಕ್ಷದ ಕೆಳಗೂ 30°ಗೆ ಇನ್ನೊಂದು ಗೆರೆ ಎಳೆದಿರಿ ಎಂದುಕೊಳ್ಳಿ. ಎರಡು ಗೆರೆಗಳ ನಡುವೆ 60° ಆಯಿತು, ಎರಡರ ಉದ್ದವೂ ಒಂದೇ. ತುದಿಗಳನ್ನು ಜೋಡಿಸಿದರೆ ಅದು ಸಮಬಾಹು ತ್ರಿಭುಜ, ಮೂರನೆಯ ಬಾಹುವೂ 1. ಅಡ್ಡ ಅಕ್ಷ ಅದನ್ನು ನಡುವೆ ಸೀಳುವುದರಿಂದ ಮೇಲಿನ ಪಾಲು ಅರ್ಧ. ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಕೊಟ್ಟ ಜ್ಯಾ ಕೋಷ್ಟಕದಲ್ಲೂ ಇದೇ ಕಾಣುತ್ತದೆ. ಅವನು ಹಿಡಿದ ತ್ರಿಜ್ಯ 3438. ಅವನು ಕೊಟ್ಟ ವ್ಯತ್ಯಾಸಗಳಲ್ಲಿ ಮೊದಲ ಎಂಟನ್ನು ಕೂಡಿದರೆ 30°ಗೆ 1719 ಬರುತ್ತದೆ, ಸರಿಯಾಗಿ ಅರ್ಧ. ಅವನ ತ್ರಿಜ್ಯ ದೊಡ್ಡದು, ನಮ್ಮದು 1. ಅಷ್ಟೇ ವ್ಯತ್ಯಾಸ.

ಅದೇ ಬಿಂದುವಿನ ಅಡ್ಡ ಅಳತೆ 8.6 ಮತ್ತು 8.7ರ ನಡುವೆ ಬರುತ್ತದೆ. ನಿಜವಾದ ಬೆಲೆ √3/2, ಸುಮಾರು 0.866. 60°ಗೆ ಗೆರೆ ಎಳೆದರೆ ಇವೆರಡೂ ಅದಲುಬದಲಾಗುತ್ತವೆ: ಎತ್ತರ 8.66, ಅಡ್ಡ 5. 45°ಯಲ್ಲಿ ಎರಡೂ ಸಮ, ಸುಮಾರು 7.07 ಸೆಂ.ಮೀ. ಕೋನ 30°ಯಿಂದ 60°ಗೆ ಎರಡರಷ್ಟಾದರೂ ಎತ್ತರ ಎರಡರಷ್ಟಾಗಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. sin 60° ಎಂದರೆ sin 30°ಯ ಎರಡರಷ್ಟು ಎಂದು ಬರೆಯುವ ವಿದ್ಯಾರ್ಥಿಗಳು ಬಹಳ. ಹಾಗೆ ಆಗಿದ್ದರೆ 60°ಯಲ್ಲೇ ಬಿಂದು ವೃತ್ತದ ನೆತ್ತಿ ಮುಟ್ಟಬೇಕಿತ್ತು, ಚಿತ್ರದಲ್ಲಿ ಅದಿನ್ನೂ ಕೆಳಗಿದೆ.

ಟ್ಯಾನ್ ಓದಲು ಇನ್ನೊಂದು ಗೆರೆ ಬೇಕು. ವೃತ್ತ ಅಡ್ಡ ಅಕ್ಷವನ್ನು ಸೇರುವ ಬಲತುದಿಯಲ್ಲಿ ನೆಟ್ಟಗೆ ಮೇಲಕ್ಕೆ ಒಂದು ಸ್ಪರ್ಶಕ ಎಳೆಯಿರಿ. ಕೋನದ ಗೆರೆಯನ್ನು ವೃತ್ತದಾಚೆ ಬೆಳೆಸಿದರೆ ಅದು ಈ ಸ್ಪರ್ಶಕಕ್ಕೆ ತಾಗುತ್ತದೆ. ತಾಗಿದ ಜಾಗದ ಎತ್ತರವೇ ಟ್ಯಾನ್. ಸೈನನ್ನು ಕಾಸ್‌ನಿಂದ ಭಾಗಿಸಿದರೆ ಬರುವುದೂ ಇದೇ. 30°ಗೆ 5.8 ಸೆಂ.ಮೀ., 45°ಗೆ ಸರಿಯಾಗಿ 10, 60°ಗೆ 17.3. ಅಂದರೆ 0.58, 1, 1.73. 70°ಗೆ ತಾಗುವ ಜಾಗ 27.5 ಸೆಂ.ಮೀ. ಎತ್ತರದಲ್ಲಿದೆ, ಹಾಳೆಯ ಹೊರಗೆ. 89°ಗೆ ಅದು ಐದೂಮುಕ್ಕಾಲು ಮೀಟರ್ ಎತ್ತರ. 90°ಯಲ್ಲಿ ಕೋನದ ಗೆರೆಯೂ ಸ್ಪರ್ಶಕವೂ ಸಮಾಂತರ, ಎಲ್ಲೂ ಸೇರುವುದಿಲ್ಲ. ಕೋಷ್ಟಕದಲ್ಲಿ tan 90°ಯ ಕೆಳಗೆ ಬೆಲೆ ಇಲ್ಲದಿರುವುದು ಏಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಕಂಡಿಲ್ಲ.

ಇನ್ನು ಪೂರ್ತಿ ವೃತ್ತಕ್ಕೆ ಬರೋಣ. ಇನ್ನೊಂದು ಹಾಳೆಯ ನಡುವೆ ಮೂಲಬಿಂದು ಗುರುತಿಸಿ 5 ಸೆಂ.ಮೀ. ತ್ರಿಜ್ಯದಲ್ಲಿ ಬರೆದರಾಯಿತು, ಅಳತೆಗಳನ್ನು 5ರಿಂದ ಭಾಗಿಸಬೇಕು. ಉದಾಹರಣೆಗೆ 210° ತೆಗೆದುಕೊಳ್ಳಿ. 180°ಗೆ ಗೆರೆ ಎಡಗಡೆ ಮಲಗಿರುತ್ತದೆ, ಅದನ್ನು ದಾಟಿ ಇನ್ನೂ 30° ತಿರುಗಿದರೆ ಬಿಂದು ಎಡಗಡೆ ಕೆಳಗೆ ಬೀಳುತ್ತದೆ. ಅಡ್ಡ ಅಕ್ಷದೊಡನೆ ಅದು ಮಾಡುವ ಕೋನ 30°, ಹಾಗಾಗಿ ಉದ್ದಗಳು 30°ಯವೇ: ಎತ್ತರ 0.5, ಅಡ್ಡ 0.866. ಆದರೆ ಬಿಂದು ಅಕ್ಷದ ಕೆಳಗಿರುವುದರಿಂದ ಸೈನ್ -0.5, ಮೂಲದ ಎಡಗಡೆ ಇರುವುದರಿಂದ ಕಾಸ್ -0.866. ಟ್ಯಾನ್‌ಗೆ ಗೆರೆಯನ್ನು ಮೂಲಬಿಂದುವಿನ ಮೂಲಕ ಹಿಂದಕ್ಕೆ ಬೆಳೆಸಿ. ಬಲಗಡೆಯ ಸ್ಪರ್ಶಕಕ್ಕೆ ಅದು 30°ಯ ಗೆರೆ ತಾಗಿದ ಜಾಗದಲ್ಲೇ ತಾಗುತ್ತದೆ: tan 210° = 0.577, ಧನ. ಎರಡು ಋಣಗಳನ್ನು ಭಾಗಿಸಿದರೆ ಧನ ಎಂಬ ನಿಯಮವನ್ನು ನೆನೆಯದೆಯೂ ಉತ್ತರ ಕಣ್ಣಿಗೆ ಬಿತ್ತು.

ತಪ್ಪು ನುಸುಳುವ ಜಾಗವೊಂದಿದೆ. 120°ಯ ಗೆರೆ ನೆಟ್ಟಗಿನ ಅಕ್ಷದಿಂದ 30° ಎಡಕ್ಕಿದೆ ಎಂದು ನೋಡಿ, 30°ಯ ಬೆಲೆಗಳನ್ನು ಹಾಗೇ ಎತ್ತಿ ಹಾಕಿಬಿಡುತ್ತಾರೆ. ಕೋನವನ್ನು ಹೋಲಿಸಬೇಕಾದದ್ದು ಯಾವತ್ತೂ ಅಡ್ಡ ಅಕ್ಷದೊಡನೆ. 180°ಯಿಂದ 120° ಕಳೆದರೆ 60°, ಆದ್ದರಿಂದ sin 120° = 0.866, cos 120° = -0.5. ಚಿತ್ರ ಮುಂದಿದ್ದರೆ ಪತ್ತೆ ಸುಲಭ: 120°ಯ ಬಿಂದು ನೆತ್ತಿಯ ಹತ್ತಿರವಿದೆ, ಅದರ ಎತ್ತರ ಬರೀ ಅರ್ಧ ಇರಲಾರದು.

ಚಿತ್ರದಿಂದ ಕೋನವನ್ನೇ ಓದಬೇಕಾದಾಗ ಇನ್ನೊಂದು ಎಚ್ಚರ ಬೇಕು. 10 ಸೆಂ.ಮೀ. ವೃತ್ತದಲ್ಲಿ 80°ಯ ಬಿಂದುವಿನ ಎತ್ತರ 9.85 ಸೆಂ.ಮೀ., 85°ಯದು 9.96. ಐದು ಡಿಗ್ರಿಗೆ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ. ಪೆನ್ಸಿಲ್ ತುಸು ಮೊಂಡಾದರೂ ಅದು ಮಾಯ. ಅದೇ ಎರಡು ಬಿಂದುಗಳ ಅಡ್ಡ ಅಳತೆ 1.74 ಮತ್ತು 0.87 ಸೆಂ.ಮೀ., ಎಂಟು ಮಿಲಿಮೀಟರಿಗೂ ಮೀರಿದ ಅಂತರ. ಆದ್ದರಿಂದ ವೃತ್ತದ ನೆತ್ತಿಯ ಹತ್ತಿರ ಕಾಸ್ ನೋಡಿ ಕೋನ ಹೇಳಬೇಕು, ಬಲ ಮತ್ತು ಎಡ ತುದಿಗಳ ಹತ್ತಿರ ಸೈನ್ ನೋಡಿ ಹೇಳಬೇಕು.