ಹಾಳೆಯ ಹಿಂಬದಿ

ಮಳೆ ನಿಂತ ಭಾನುವಾರದ ಬೆಳಗು. ಕೀಬೋರ್ಡ್ ಮೇಷ್ಟ್ರ ಮೇಜಿನ ಮೇಲೆ ಕಾಫಿ ಲೋಟ, ಸ್ಕೇಲುಪಟ್ಟಿ, ಎರಡು ಬಣ್ಣದ ಪೆನ್ನು, ಒಂದಷ್ಟು ಬಿಳಿ ಹಾಳೆ. ಮೊಬೈಲಿನಲ್ಲಿ ಅವರದೇ ಒಂದೂವರೆ ಗಂಟೆಯ ಪಾಠ ಓಡುತ್ತಿದೆ: ಮೇಜರ್ ಸ್ಕೇಲ್, ಅದರಿಂದ ಹುಟ್ಟುವ ಏಳು ಕಾರ್ಡ್. ಐದು ನಿಮಿಷ ಕೇಳುತ್ತಾರೆ, ನಿಲ್ಲಿಸುತ್ತಾರೆ, ಅಭ್ಯಾಸದ ಹಾಳೆಗೆ ಇಳಿಸುತ್ತಾರೆ.

ಒಂದು ಹಾಳೆಗೆ ಒಂದೇ ಸ್ಕೇಲ್. ಇವತ್ತು ಜಿ ಮೇಜರ್. ಪಕ್ಕದಲ್ಲಿ ಕುಳಿತ ಶಿಷ್ಯೆ ಕರ್ನಾಟಕ ಸಂಗೀತ ಕಲಿತವಳು. ಸ್ವರಗಳು ಶಂಕರಾಭರಣದವೇ ಆದ್ದರಿಂದ ಮೇಲಿನ ಸಾಲಿನಲ್ಲಿ ಸ ರಿ ಗ ಮ ಪ ದ ನಿ ಬರೆದು, ಕೆಳಗೆ ಜಿ, ಎ, ಬಿ, ಸಿ, ಡಿ, ಇ ಎಂದು ತುಂಬುತ್ತಾಳೆ. ಕೊನೆಯ ಮನೆಯಲ್ಲಿ ಜಿ ಫ್ಲ್ಯಾಟ್.

“ಎಫ್ ಶಾರ್ಪ್ ಅಂತ ಬರಿಯಮ್ಮ.”

“ಕೀ ಅದೇ ಅಲ್ವಾ ಸಾರ್?”

“ಕೀ ಅದೇ. ಆದರೆ ಜಿ ಎರಡು ಸಲ ಬಂತು, ಎಫ್ ಕಾಣೆಯಾಯ್ತು.”

ಅಕ್ಷರ ತಪ್ಪಿದರೆ ಮುಂದಿನ ಲೆಕ್ಕವೂ ತಪ್ಪುತ್ತದೆ. ಕಾರ್ಡ್ ಕಟ್ಟುವುದು ಒಂದಕ್ಷರ ಬಿಟ್ಟು ಒಂದಕ್ಷರ ಹಿಡಿದು: ಜಿ-ಬಿ-ಡಿ, ಎ-ಸಿ-ಇ, ಡಿ-ಎಫ್ ಶಾರ್ಪ್-ಎ. ಹೀಗೆ ಏಳು ಮನೆ ತುಂಬಿದವು. 1, 4, 5 ಮೇಜರ್, 2, 3, 6 ಮೈನರ್, 7 ಡಿಮಿನಿಶ್ಡ್.

ಕೆಳಗೆ ಉಳಿದ ಜಾಗ ಕಿವಿಯದು. “ಜಿ ಮೇಜರ್ ಕೇಳಿ, ಇ ಮೈನರ್ ಕೇಳಿ, ವ್ಯತ್ಯಾಸ ಗಮನಿಸಿ” ಎಂದು ಬರೆದ ಮೇಷ್ಟ್ರು ತಾವೇ ಅದರ ಮೇಲೆ ಗೀಟೆಳೆದರು. ಹೆಸರು ಮೊದಲೇ ಹೇಳಿಬಿಟ್ಟರೆ ಕಿವಿಗೆ ಕೆಲಸವೇನು? ಮತ್ತೆ ಬರೆದರು: “ಜಿ ಕಾರ್ಡ್ ನುಡಿಸಿ, ಷಡ್ಜ ಹಾಡಿಕೊಳ್ಳಿ. ಜೊತೆಯವರು ಏಳನೆಯದು ಬಿಟ್ಟು ಯಾವುದಾದರೂ ಒಂದು ಕಾರ್ಡ್ ಹಿಡಿಯಲಿ. ಅದರ ಕೆಳಗಿನ ಸ್ವರ ಹಾಡಿ, ನಡುವಿನದಕ್ಕೆ ಏರಿ. ಆ ನೆಗೆತ ದೊಡ್ಡದೋ ಚಿಕ್ಕದೋ?” ನಾಲ್ಕು ಅರ್ಧಸ್ವರವಾದರೆ ಮೇಜರ್, ಮೂರಾದರೆ ಮೈನರ್. ಉತ್ತರ ಹಾಳೆಯ ಹಿಂಬದಿಗೆ ಹೋಯಿತು.

ಈಗ ಪರೀಕ್ಷೆ. ಶಿಷ್ಯೆ ಕೀಬೋರ್ಡಿಗೆ ಬೆನ್ನು ತಿರುಗಿಸಿ ಕುಳಿತಳು. ಸಾಲಾಗಿ ಐದು ಕಾರ್ಡ್, ಐದೂ ಸರಿ. ಮೇಷ್ಟ್ರಿಗೆ ಸಮಾಧಾನವಿಲ್ಲ; ಪ್ರತಿಸಲವೂ ಮೂಲಸ್ವರ ಅಡಿಯಲ್ಲೇ ಇತ್ತು, ಅದರ ಎತ್ತರವೊಂದನ್ನೇ ಹಿಡಿದು ಹೇಳಿರಬಹುದು. ಇ ಮೈನರನ್ನೇ ತಿರುಗಿಸಿ ಜಿ-ಬಿ-ಇ ಎಂದು ನುಡಿಸಿದರು.

“ಜಿ ಮೇಜರ್.”

ತಪ್ಪಿದ್ದು ಸಹಜ. ಎರಡು ಸ್ವರ ಎರಡರಲ್ಲೂ ಒಂದೇ. ಬೇರೆಯಾದದ್ದು ಡಿ ಇರಬೇಕಾದಲ್ಲಿ ಕುಳಿತ ಇ ಮಾತ್ರ. ಮೇಷ್ಟ್ರು ಹಾಳೆಗೆ ಇನ್ನೊಂದು ಸಾಲು ಸೇರಿಸಿದರು: “ಎರಡನೇ ವಾರದಿಂದ ಜೊತೆಯವರು ಕಾರ್ಡ್ ತಿರುಗಿಸಿ ನುಡಿಸಲಿ, ಮೇಲಿನ ಸ್ವರವನ್ನೂ ಹಾಡಿ.” ಮತ್ತೆ ಅದೇ ಮೂರು ಕೀ ಒತ್ತಿ ಹಿಡಿದರು.

ಅವಳು ಕಣ್ಣು ಮುಚ್ಚಿ ಷಡ್ಜ ಹಿಡಿದಳು, ಮೆಲ್ಲಗೆ ಮೇಲೇರಿದಳು, ಪಂಚಮದಲ್ಲಿ ನಿಂತಳು. ಕೂಡಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದಳು.

“ಸಾರ್, ಮೇಲಿರೋದು ಪ ಅಲ್ಲ, ದ! ಇದು ಇ ಮೈನರ್.”

ಹಾಳೆಯ ಹಿಂಬದಿಯನ್ನು ಅವಳು ತಿರುಗಿಸಿ ನೋಡಲೇ ಇಲ್ಲ.